ಜೋಡಿಸಿದ ಚಿತ್ರಕ್ಕೆ ‘ಸಾಂದರ್ಭಿಕ ಚಿತ್ರ’ ಅಂದರೆ ಸಾಲದು: ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಸುದ್ದಿಮನೆಗಳ ಸಂಪಾದಕರಿಗೆ, ಫೋಟೋ ಡೆಸ್ಕಿನವರಿಗೆ, ರಾತ್ರಿ ಕೂತು ಪುಟ ಕಟ್ಟುವ ಗೆಳೆಯರಿಗೆ,

ನಮಸ್ಕಾರ.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ನಾನು ಪುಟ ಮಾಡುತ್ತಿದ್ದ ಕಾಲದ್ದು. ಇಬ್ಬರು ನಾಯಕರ ನಡುವೆ ಹೇಳಿಕೆಗಳ ಜಗಳ ನಡೆದಿತ್ತು. ಒಬ್ಬರು ಒಂದು ದಿನ ಒಂದು ಕಡೆ ಮಾತಾಡಿದ್ದರು, ಇನ್ನೊಬ್ಬರು ಎರಡು ದಿನ ಬಿಟ್ಟು ಇನ್ನೊಂದು ಕಡೆ ಉತ್ತರ ಕೊಟ್ಟಿದ್ದರು. ಇಬ್ಬರ ಫೋಟೋನೂ ನನ್ನ ಹತ್ತಿರ ಇತ್ತು. ತೊಂದರೆ ಏನಂದರೆ ಇಬ್ಬರೂ ಬಲಕ್ಕೇ ನೋಡುತ್ತಿದ್ದರು. ಜಗಳ ಆಡುವವರು ಒಂದೇ ಕಡೆ ನೋಡಿದರೆ ಹೇಗೆ? ಒಬ್ಬರನ್ನು ಕನ್ನಡಿಯಲ್ಲಿ ತೋರಿಸಿದ ಹಾಗೆ ತಿರುಗಿಸಿದೆ. ಇಬ್ಬರ ಹಿನ್ನೆಲೆಯನ್ನೂ ಕತ್ತರಿಸಿದೆ. ಹಿಂದೆ ಮಸುಕಾದ ಒಂದು ಸಭಾಂಗಣ ಇಟ್ಟೆ. ಭುಜದ ಹತ್ತಿರ ಸ್ವಲ್ಪ ನೆರಳು ಕೊಟ್ಟೆ. ಮೂರು ಕಾಲಂ ಅಗಲಕ್ಕೆ ಚೆಂದವಾಗಿ ಕೂತಿತು. ಮೂಲೆಯಲ್ಲಿ ಆರು ಪಾಯಿಂಟ್ ಅಕ್ಷರದಲ್ಲಿ ‘ಸಾಂದರ್ಭಿಕ ಚಿತ್ರ’ ಅಂತ ಹಾಕಿದೆ. ಪುಟ ಹೋಯಿತು.

ಬೆಳಿಗ್ಗೆ ಎರಡು ಫೋನ್ ಬಂದವು. ಒಬ್ಬ ಓದುಗರು, “ಸಾರ್, ಅವರ ಶರ್ಟಿನ ಜೇಬು ಬಲಗಡೆಗೆ ಯಾವಾಗ ಹೋಯ್ತು?” ಅಂದರು. ತಿರುಗಿಸಿದಾಗ ಜೇಬೂ ತಿರುಗಿತ್ತು, ಗಡಿಯಾರದ ಕೈಯೂ ಬದಲಾಗಿತ್ತು. ಡೆಸ್ಕಿನಲ್ಲಿ ಎಲ್ಲರೂ ನಕ್ಕೆವು. ಇನ್ನೊಬ್ಬರು ಕೇಳಿದ್ದು ಬೇರೆ: “ಇವರಿಬ್ಬರು ಎಲ್ಲಿ ಭೇಟಿಯಾದರು? ಸುದ್ದಿಯಲ್ಲಿ ಅದನ್ನು ಬರೆದೇ ಇಲ್ಲವಲ್ಲ.” ಇದಕ್ಕೆ ಯಾರಿಗೂ ನಗು ಬರಲಿಲ್ಲ. ಆ ಓದುಗರು ಚಿತ್ರ ನೋಡಿ ಒಂದು ಸುದ್ದಿ ಓದಿಕೊಂಡಿದ್ದರು. ಆ ಸುದ್ದಿ ಬರೆದವನು ನಾನೇ, ಅದೂ ಸುಳ್ಳು. ಆದರೂ ನಾವು ತಿದ್ದುಪಡಿ ಹಾಕಲಿಲ್ಲ. ‘ಸಾಂದರ್ಭಿಕ ಚಿತ್ರ ಅಂತ ಇದೆಯಲ್ಲ’ ಅಂದುಕೊಂಡು ಸುಮ್ಮನಾದೆವು.

ಆ ಎರಡು ಪದಗಳ ಹಿಂದೆ ಇನ್ನು ಯಾರೂ ಅಡಗಿ ಕೂರಬಾರದು ಅಂತ ಕೇಳುವುದಕ್ಕೇ ಈ ಪತ್ರ. ಒಂದಕ್ಕಿಂತ ಹೆಚ್ಚು ಫೋಟೋಗಳ ತುಂಡುಗಳನ್ನು ಸೇರಿಸಿ ಒಂದೇ ದೃಶ್ಯದ ಹಾಗೆ ಕಾಣಿಸಿದರೆ ಅದು ಜೋಡಿಸಿದ ಚಿತ್ರ. ಅಂಚು ಕತ್ತರಿಸುವುದು, ಬೆಳಕು ಸರಿ ಮಾಡುವುದು ಇದಕ್ಕೆ ಸೇರುವುದಿಲ್ಲ, ಅದರ ಚರ್ಚೆಯೇ ಬೇರೆ. ಜೋಡಿಸಿದ ಚಿತ್ರವನ್ನು ಯಾವಾಗ ಹಾಕಲೇಬಾರದು, ಯಾವಾಗ ಗುರುತು ಹಾಕಿ ಬಳಸಬಹುದು, ಆ ಗುರುತಿನ ಮಾತು ಏನಿರಬೇಕು, ಅದು ಎಲ್ಲಿರಬೇಕು ಅನ್ನುವುದು ಪ್ರತಿ ಸುದ್ದಿಮನೆಯಲ್ಲೂ ಬರೆದಿಟ್ಟ ನಿಯಮ ಆಗಬೇಕು. ಈಗ ಬಹಳ ಕಡೆ ಅದು ರಾತ್ರಿ ಪಾಳಿಯವರ ಮನಸ್ಸಿಗೆ ಬಿಟ್ಟ ವಿಷಯ.

ಮೊದಲು ಹಾಕಲೇಬಾರದ ಚಿತ್ರದ ಬಗ್ಗೆ. ಇದಕ್ಕೆ 2003ರ ಒಂದು ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇರಾಕ್ ಯುದ್ಧ ನಡೆಯುತ್ತಿತ್ತು. ಲಾಸ್ ಏಂಜಲೀಸ್ ಟೈಮ್ಸ್‌ನ ಛಾಯಾಗ್ರಾಹಕ ಬ್ರಯಾನ್ ವಾಲ್ಸ್ಕಿ ಬಾಸ್ರಾ ಹತ್ತಿರ ಇದ್ದರು. ನೆಲದ ಮೇಲೆ ಜನ ಗುಂಪಾಗಿ ಕೂತಿದ್ದಾರೆ. ಬ್ರಿಟಿಷ್ ಸೈನಿಕನೊಬ್ಬ ನಿಂತು ಅವರಿಗೆ ಏನೋ ಸೂಚನೆ ಕೊಡುತ್ತಿದ್ದಾನೆ. ಮಗುವನ್ನು ಎತ್ತಿಕೊಂಡ ಒಬ್ಬ ವ್ಯಕ್ತಿ ಜನರ ನಡುವೆ ನಡೆದು ಬರುತ್ತಿದ್ದಾನೆ. ವಾಲ್ಸ್ಕಿ ಒಂದರ ಹಿಂದೆ ಒಂದು ಫ್ರೇಮ್ ತೆಗೆದರು. ಒಂದರಲ್ಲಿ ಸೈನಿಕನ ಕೈ ಚಾಚಿದ ಭಂಗಿ ಚೆನ್ನಾಗಿ ಬಂದಿತ್ತು. ಇನ್ನೊಂದರಲ್ಲಿ ಮಗು ಎತ್ತಿಕೊಂಡವನು ಚೆನ್ನಾಗಿ ಬಂದಿದ್ದ. ಎರಡೂ ಒಂದೇ ಫ್ರೇಮಿನಲ್ಲಿ ಸಿಕ್ಕಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅವರು ಎರಡನ್ನೂ ಸೇರಿಸಿ ಕಳಿಸಿಬಿಟ್ಟರು.

ಮಾರ್ಚ್ 31ರಂದು ಆ ಚಿತ್ರ ಮುಖಪುಟದಲ್ಲಿ ಬಂತು. ಅದೇ ಒಡೆತನದ ಹಾರ್ಟ್‌ಫರ್ಡ್ ಕೊರಂಟ್ ಪತ್ರಿಕೆಯೂ ಅದನ್ನು ದೊಡ್ಡದಾಗಿ ಹಾಕಿತು. ಮೊದಲು ಅನುಮಾನ ಬಂದಿದ್ದು ಅಲ್ಲಿನ ಸಿಬ್ಬಂದಿಯೊಬ್ಬರಿಗೆ. ಹಿಂದೆ ಕೂತ ಜನರಲ್ಲಿ ಕೆಲವರು ಎರಡೆರಡು ಸಲ ಕಾಣುತ್ತಿದ್ದರು. ಚಿತ್ರವನ್ನು 600 ಪ್ರತಿಶತಕ್ಕೆ ದೊಡ್ಡದು ಮಾಡಿ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಲಾಸ್ ಏಂಜಲೀಸಿಗೆ ಫೋನ್ ಹೋಯಿತು. ದಕ್ಷಿಣ ಇರಾಕಿನಲ್ಲಿದ್ದ ವಾಲ್ಸ್ಕಿ ಫೋನಿನಲ್ಲಿ ಒಪ್ಪಿಕೊಂಡರು: ಚಿತ್ರದ ಸಂಯೋಜನೆ ಚೆನ್ನಾಗಿರಲಿ ಅಂತ ಎರಡನ್ನು ಸೇರಿಸಿದೆ. ಏಪ್ರಿಲ್ 1ರಂದು ಕೆಲಸ ಹೋಯಿತು. ಮರುದಿನ ಪತ್ರಿಕೆ ಸಂಪಾದಕರ ಟಿಪ್ಪಣಿ ಹಾಕಿ ಆಗಿದ್ದನ್ನೆಲ್ಲ ಓದುಗರಿಗೆ ಹೇಳಿತು.

ಇದನ್ನು ಹೊಸಬರಿಗೆ ಹೇಳಿದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. “ಸೈನಿಕ ನಿಜ, ಆ ಮನುಷ್ಯ ನಿಜ, ಜಾಗ ಒಂದೇ, ಸಮಯಾನೂ ಹೆಚ್ಚು ಕಡಿಮೆ ಒಂದೇ. ಹಾಗಾದ್ರೆ ಸುಳ್ಳು ಎಲ್ಲಿದೆ?” ಒಳ್ಳೆಯ ಪ್ರಶ್ನೆ. ಉತ್ತರ ಆ ಇಬ್ಬರ ನಡುವಿನ ಖಾಲಿ ಜಾಗದಲ್ಲಿದೆ. ಜೋಡಿಸಿದ ಚಿತ್ರ ನೋಡಿದರೆ, ಸೈನಿಕ ಕೈ ಚಾಚಿದ್ದು ಮಗು ಎತ್ತಿಕೊಂಡ ಈ ಮನುಷ್ಯನಿಗಾಗಿಯೇ ಅನ್ನಿಸುತ್ತದೆ. ಅವನು ಎದ್ದು ಬಂದ, ಇವನು ತಡೆದ. ಅಲ್ಲೊಂದು ಎದುರುಬದುರು ಹುಟ್ಟಿತು. ಆ ಎದುರುಬದುರು ಆ ಕ್ಷಣದಲ್ಲಿ ಯಾವ ಕ್ಯಾಮೆರಾಕ್ಕೂ ಸಿಕ್ಕಿರಲಿಲ್ಲ. ಒಬ್ಬರ ಭಾಷಣದ ಹತ್ತನೇ ನಿಮಿಷದ ಅರ್ಧ ವಾಕ್ಯಕ್ಕೆ ಹದಿನೈದನೇ ನಿಮಿಷದ ಇನ್ನರ್ಧ ಅಂಟಿಸಿ, ಉದ್ಧರಣ ಚಿಹ್ನೆ ಹಾಕಿದರೆ ನೀವು ಒಪ್ಪುತ್ತೀರಾ? ಪ್ರತಿ ಪದವೂ ಅವರೇ ಆಡಿದ್ದು ಅಂತ ವರದಿಗಾರ ವಾದ ಮಾಡಿದರೆ ಆ ದಿನವೇ ಮನೆಗೆ ಕಳಿಸುತ್ತೀರಿ, ಅಲ್ವಾ?

ಹಾಗಾಗಿ ನಿಯಮದ ಮೊದಲ ಸಾಲು ಹೀಗಿರಲಿ. ನಡೆದ ಘಟನೆಯ ಫೋಟೋಗಳನ್ನು ಸೇರಿಸಿ ಅದೇ ಘಟನೆಯ ಇನ್ನೊಂದು ಕ್ಷಣ ತಯಾರು ಮಾಡಬಾರದು. ಗುರುತು ಹಾಕಿದರೂ ಬೇಡ. ವಾಲ್ಸ್ಕಿ ಚಿತ್ರದ ಕೆಳಗೆ ‘ಜೋಡಿಸಿದ ಚಿತ್ರ’ ಅಂತ ಬರೆದು ಮುಖಪುಟದಲ್ಲಿ ಹಾಕಿದ್ದರೆ ಏನಾಗುತ್ತಿತ್ತು ಅಂತ ಊಹಿಸಿ. ಯುದ್ಧಭೂಮಿಯಿಂದ ಬಂದ ವರದಿಯ ಪಕ್ಕದಲ್ಲಿ, ವರದಿಗಾರರ ಹೆಸರಿನ ಕೆಳಗೆ ಅದು ಇರುತ್ತಿತ್ತು. ಆ ಜಾಗದಲ್ಲಿ ಬಂದಿದ್ದನ್ನು ಓದುಗರು ಸಾಕ್ಷಿ ಅಂತಲೇ ತೆಗೆದುಕೊಳ್ಳುತ್ತಾರೆ. ಪಕ್ಕದ ಸಣ್ಣಕ್ಷರಕ್ಕೆ ಅದನ್ನು ಅಳಿಸುವ ಶಕ್ತಿ ಇಲ್ಲ.

ಗುರುತು ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ಇನ್ನೂ ಹಳೆಯ ಒಂದು ಪುಟ ತೋರಿಸುತ್ತೇನೆ. 1994ರ ಜನವರಿಯಲ್ಲಿ ಅಮೆರಿಕದ ಸ್ಕೇಟಿಂಗ್ ಆಟಗಾರ್ತಿ ನ್ಯಾನ್ಸಿ ಕೆರಿಗನ್ ಮೊಣಕಾಲಿನ ಹತ್ತಿರ ಒಬ್ಬ ಹೊಡೆದು ಓಡಿದ್ದ. ಪ್ರತಿಸ್ಪರ್ಧಿ ಟಾನ್ಯಾ ಹಾರ್ಡಿಂಗ್ ಕಡೆಯವರ ಹೆಸರು ಬಂತು. ಮುಂದಿನ ತಿಂಗಳು ಇಬ್ಬರೂ ಒಲಿಂಪಿಕ್ಸಿಗೆ ಹೋದರು. ಇಬ್ಬರೂ ಒಂದೇ ಅಂಗಳಕ್ಕೆ ಇಳಿಯುವ ಗಳಿಗೆಗೆ ಎಲ್ಲರೂ ಕಾಯುತ್ತಿದ್ದರು. ಫೆಬ್ರವರಿ 16ರಂದು ನ್ಯೂಯಾರ್ಕ್ ನ್ಯೂಸ್‌ಡೇ ಪತ್ರಿಕೆಯ ಮುಖಪುಟದಲ್ಲಿ ಇಬ್ಬರೂ ಅಕ್ಕಪಕ್ಕ ಸ್ಕೇಟ್ ಮಾಡುತ್ತಿರುವ ದೊಡ್ಡ ಚಿತ್ರ ಬಂತು. ಚಿತ್ರದ ಅಡಿಬರಹದಲ್ಲಿ ಸತ್ಯ ಹೇಳಿದ್ದರು: ಇದು ಪತ್ರಿಕೆ ಜೋಡಿಸಿದ ಚಿತ್ರ, ಇಬ್ಬರೂ ನಿಜವಾಗಿ ಒಟ್ಟಿಗೆ ಮಂಜಿನ ಮೇಲೆ ಇಳಿಯುವುದು ನಾಳೆ.

ಅಂದರೆ ಗುರುತು ಇತ್ತು. ಮೋಸದ ಉದ್ದೇಶ ಇರಲಿಲ್ಲ ಅಂತಲೂ ಇಟ್ಟುಕೊಳ್ಳೋಣ. ಆದರೂ ಅದರ ಮೇಲೆ ಟೀಕೆ ಸುರಿಯಿತು. ಸರಿಯಾಗಿಯೇ ಸುರಿಯಿತು ಅನ್ನುವುದು ನನ್ನ ಅಭಿಪ್ರಾಯ. ಆ ಎರಡು ವಾರ ಇಡೀ ಜಗತ್ತು ಕಾಯುತ್ತಿದ್ದ ಸುದ್ದಿಯೇ ಆ ಚಿತ್ರ. ಅದು ನಾಳೆ ಆಗಬೇಕಾದದ್ದು. ಪತ್ರಿಕೆ ಅದನ್ನು ಇವತ್ತೇ ಮಾಡಿಕೊಂಡು, ನೋಡುವುದಕ್ಕೆ ಕ್ರೀಡಾ ಫೋಟೋ ಥರವೇ ಇಟ್ಟಿತು. ಚಿತ್ರ ಒಂದು ಮಾತು ಹೇಳಿ ಅಡಿಬರಹ ಇನ್ನೊಂದು ಹೇಳಿದರೆ ಚಿತ್ರವೇ ಗೆಲ್ಲುತ್ತದೆ. ಪತ್ರಿಕೆ ಮಾರುವ ಜಾಗದಲ್ಲಿ ನಿಂತು ಕಣ್ಣು ಹಾಯಿಸಿದವರು ಅಡಿಬರಹದವರೆಗೂ ಹೋಗುವುದಿಲ್ಲ.

2005ರಲ್ಲಿ ನ್ಯೂಸ್‌ವೀಕ್ ಮಾಡಿದ್ದು ಇದಕ್ಕಿಂತ ಕಡೆ. ಅಮೆರಿಕದ ಹೆಸರಾಂತ ಟಿವಿ ನಿರೂಪಕಿ, ಉದ್ಯಮಿ ಮಾರ್ಥಾ ಸ್ಟೂವರ್ಟ್ ಜೈಲಿನಿಂದ ಹೊರಬರುವ ಹೊತ್ತು. ಮುಖಪುಟದಲ್ಲಿ ತೆಳ್ಳಗಾಗಿ ನಗುತ್ತ ಪರದೆ ಸರಿಸಿ ಬರುತ್ತಿದ್ದಾರೆ. ತಲೆ ಅವರದು, ಮೈ ಒಬ್ಬ ರೂಪದರ್ಶಿಯದು. ‘ಫೋಟೋ ಇಲಸ್ಟ್ರೇಷನ್’ ಅನ್ನುವ ಮಾತು ಇತ್ತು, ಆದರೆ ಒಳಪುಟದಲ್ಲಿ, ಮುಖಪುಟ ಯಾರು ಮಾಡಿದರು ಅನ್ನುವ ಸಾಲಿನಲ್ಲಿ. ಅದನ್ನು ಓದಬೇಕಾದರೆ ಮೊದಲು ಪತ್ರಿಕೆ ಕೊಳ್ಳಬೇಕು.

ಈ ಎರಡರಿಂದ ನಾನು ಒಂದು ಪರೀಕ್ಷೆ ಮಾಡಿಕೊಂಡಿದ್ದೇನೆ. ಅಡಿಬರಹ ಮುಚ್ಚಿ. ಸುದ್ದಿಗೆ ಸಂಬಂಧ ಇಲ್ಲದ ಒಬ್ಬರನ್ನು ಕರೆಯಿರಿ, ಜಾಹೀರಾತು ವಿಭಾಗದವರಾದರೂ ಆಗಬಹುದು. ಚಿತ್ರವನ್ನು ಎರಡು ಸೆಕೆಂಡ್ ತೋರಿಸಿ. “ಇಲ್ಲಿ ಏನಾಗ್ತಿದೆ?” ಅಂತ ಕೇಳಿ. ಅವರು ನಡೆಯದ ಒಂದು ಘಟನೆಯನ್ನು ನಡೆದಂತೆ ಹೇಳಿದರೆ ಆ ಚಿತ್ರ ಹೋಗಬಾರದು. “ಏನೋ ಡಿಸೈನ್ ಮಾಡಿದೀರಿ” ಅಂದರೆ ಅದು ಗುರುತು ಹಾಕಿಸಿಕೊಳ್ಳುವುದಕ್ಕೆ ಯೋಗ್ಯ. ಗೊತ್ತಾಯಿತಲ್ಲ, ಗುರುತು ಬರುವುದು ಈ ಪರೀಕ್ಷೆಯಲ್ಲಿ ಪಾಸಾದ ಮೇಲೆ. ಫೇಲಾದ ಚಿತ್ರಕ್ಕೆ ಅದು ಔಷಧಿ ಅಲ್ಲ.

ಪಾಸಾಗುವ ಚಿತ್ರ ಹೇಗಿರುತ್ತದೆ? ಟೈಮ್ ಪತ್ರಿಕೆಯ 2018ರ ಜುಲೈ 2ರ ಮುಖಪುಟ ನೋಡಿ. ಗಡಿಯಲ್ಲಿ ಅಳುತ್ತಿದ್ದ ಹೊಂಡುರಾಸಿನ ಪುಟ್ಟ ಹುಡುಗಿ ಒಂದು ಕಡೆ. ಅವಳನ್ನು ತಲೆ ತಗ್ಗಿಸಿ ನೋಡುತ್ತಿರುವ ಅಧ್ಯಕ್ಷ ಟ್ರಂಪ್ ಇನ್ನೊಂದು ಕಡೆ. ಹಿಂದೆ ಬರೀ ಕೆಂಪು. ನೆಲ ಇಲ್ಲ, ಗೋಡೆ ಇಲ್ಲ. ಇವರಿಬ್ಬರೂ ಎಲ್ಲೋ ಭೇಟಿಯಾದರು ಅಂತ ಯಾರೂ ತಪ್ಪು ತಿಳಿಯುವುದಿಲ್ಲ. ರೂಪದ ಪರೀಕ್ಷೆಯಲ್ಲಿ ಪೂರ್ತಿ ಅಂಕ.

ಆದರೆ ಅದೇ ಮುಖಪುಟ ಬೇರೆ ಕಡೆ ಎಡವಿತು. ಗಡಿಯಲ್ಲಿ ಮಕ್ಕಳನ್ನು ತಂದೆ ತಾಯಿಯಿಂದ ಬೇರೆ ಮಾಡುವ ನೀತಿಯ ಬಗ್ಗೆ ಆಗ ಗದ್ದಲ ಎದ್ದಿತ್ತು. ಕೆಂಪು ಹಿನ್ನೆಲೆಯಲ್ಲಿ ಆ ಹುಡುಗಿ ಒಬ್ಬಳೇ ನಿಂತಾಗ, ಅವಳನ್ನೂ ಬೇರೆ ಮಾಡಿದ್ದಾರೆ ಅಂತ ಚಿತ್ರ ಹೇಳಿತು. ಆದರೆ ಅವಳನ್ನು ತಾಯಿಯಿಂದ ಬೇರೆ ಮಾಡಿರಲಿಲ್ಲ. ಜಾನ್ ಮೂರ್ ತೆಗೆದ ಮೂಲ ಫೋಟೋದಲ್ಲಿ ತಾಯಿ ಪಕ್ಕದಲ್ಲೇ ಇದ್ದರು, ಅವರನ್ನು ತಪಾಸಣೆ ಮಾಡುತ್ತಿದ್ದರು. ಟೈಮ್ ತನ್ನ ವರದಿಯಲ್ಲಿ ತಿದ್ದುಪಡಿ ಹಾಕಿತು, ಮುಖಪುಟವನ್ನು ಮಾತ್ರ ಸಮರ್ಥಿಸಿಕೊಂಡಿತು. ಇಲ್ಲಿ ನಾನು ಟೈಮ್ ಪರ ಇಲ್ಲ. ಗುರುತು ಹಾಕಿದರೆ ‘ಈ ದೃಶ್ಯ ನಡೆದಿಲ್ಲ’ ಅಂತಷ್ಟೇ ಹೇಳಿದ ಹಾಗೆ. ಚಿತ್ರ ಮಾಡುವ ಆರೋಪ ನಿಜ ಇರಬೇಕು ಅನ್ನುವ ಹೊಣೆ ಹಾಗೇ ಉಳಿಯುತ್ತದೆ. ಪುಟ ಬಿಡುವ ಮುಂಚೆ ಈ ಚಿತ್ರದ ಅರ್ಥವನ್ನು ಒಂದು ವಾಕ್ಯವಾಗಿ ಬರೆಯಿರಿ. ಆ ವಾಕ್ಯವನ್ನು ವರದಿಯ ಒಳಗೆ ಹಾಕುವುದಕ್ಕೆ ವರದಿಗಾರರು ಒಪ್ಪುತ್ತಾರಾ ಕೇಳಿ. ಇದಕ್ಕೆ ಎರಡು ನಿಮಿಷ ಸಾಕು.

ಈಗ ಗುರುತಿನ ಮಾತಿಗೆ ಬರೋಣ. ನಮ್ಮ ಕನ್ನಡ ಪುಟಗಳಲ್ಲಿ ‘ಸಾಂದರ್ಭಿಕ ಚಿತ್ರ’ ಅನ್ನುವುದು ಎಲ್ಲ ಕಾಯಿಲೆಗೂ ಕೊಡುವ ಒಂದೇ ಮಾತ್ರೆ ಆಗಿದೆ. ಹಳೆಯ ಫೋಟೋಗೂ ಅದೇ. ಬೇರೆ ಎಲ್ಲಿಯದೋ ಆಸ್ಪತ್ರೆ ಮಂಚದ ಫೋಟೋಗೂ ಅದೇ. ಕೊಂಡು ತಂದ ಸ್ಟಾಕ್ ಫೋಟೋಗೂ ಅದೇ. ನಾನು ಜೇಬು ತಿರುಗಿಸಿದ ಚಿತ್ರಕ್ಕೂ ಅದೇ. ಓದುಗರು ಇದರಿಂದ ಏನು ತಿಳಿದುಕೊಳ್ಳಬೇಕು? ‘ಈ ಫೋಟೋ ನಿಜ, ಆದರೆ ಈ ಸುದ್ದಿಯದಲ್ಲ’ ಅಂತಲೇ ಹೆಚ್ಚಿನವರು ಅರ್ಥ ಮಾಡಿಕೊಳ್ಳುತ್ತಾರೆ. ಜೋಡಿಸಿದ ಚಿತ್ರದ ವಿಷಯದಲ್ಲಿ ಅದು ತಪ್ಪು ಅರ್ಥ. ಅಲ್ಲಿ ಫೋಟೋ ಅನ್ನುವುದೇ ಇಲ್ಲ.

ಪದಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ಕೆಲಸ ಸುಲಭ. ಹಳೆಯದಕ್ಕೆ ‘ಸಂಗ್ರಹ ಚಿತ್ರ’ ಅನ್ನುವ ಒಳ್ಳೆಯ ಮಾತು ನಮ್ಮಲ್ಲಿ ಈಗಾಗಲೇ ಇದೆ. ಸ್ಟಾಕ್ ಫೋಟೋಗೆ ‘ಸಾಂದರ್ಭಿಕ’ ಇರಲಿ, ತಕರಾರಿಲ್ಲ. ಜೋಡಿಸಿದ್ದಕ್ಕೆ ‘ಜೋಡಿಸಿದ ಚಿತ್ರ’ ಅನ್ನಿ. ಅದರ ಜೊತೆ ಒಂದು ಚಿಕ್ಕ ವಾಕ್ಯ ಇರಲಿ: ‘ಇಬ್ಬರ ಫೋಟೋಗಳನ್ನು ಬೇರೆ ಬೇರೆ ದಿನ ತೆಗೆಯಲಾಗಿದೆ.’ ಆ ವಾಕ್ಯ ಮುಖ್ಯ. ಏನನ್ನು ಸೇರಿಸಿದ್ದೀರಿ ಅಂತ ಹೇಳದ ಗುರುತಿನಿಂದ ಏನೂ ತಿಳಿಯುವುದಿಲ್ಲ. ಕಥೆ, ಲೇಖನಗಳಿಗೆ ಚಿತ್ರ ಬರೆದವರ ಹೆಸರನ್ನು ನಾವು ಹಿಂದಿನಿಂದಲೂ ‘ಕಲೆ’ ಅಂತ ಹಾಕಿ ಕೊಡುತ್ತೇವೆ. ಜೋಡಿಸಿದವರಿಗೂ ಹಾಗೇ ಕೊಡಿ: ‘ಕಲೆ’ ಅಂತ ಡಿಸೈನರ್ ಹೆಸರು, ಪಕ್ಕದಲ್ಲಿ ‘ಮೂಲ ಫೋಟೋಗಳು’ ಅಂತ ಛಾಯಾಗ್ರಾಹಕರ ಹೆಸರು. ಛಾಯಾಗ್ರಾಹಕರ ಹೆಸರನ್ನು ಮಾತ್ರ ಹಾಕಿದರೆ, ಅವರು ತೆಗೆಯದ ಫೋಟೋವನ್ನು ಅವರ ತಲೆಗೆ ಕಟ್ಟಿದ ಹಾಗಾಗುತ್ತದೆ. ಇದರಿಂದ ನೊಂದುಕೊಂಡವರನ್ನು ನಾನು ನೋಡಿದ್ದೇನೆ.

ಆಮೇಲೆ ಗುರುತು ಎಲ್ಲಿರಬೇಕು ಅನ್ನುವುದು. ಇದನ್ನು ಸ್ವಲ್ಪ ಲೆಕ್ಕ ಹಾಕಿಯೇ ಹೇಳಬೇಕು. ಕಾಗದದ ಮೇಲೆ ಆರು ಪಾಯಿಂಟ್ ಅಕ್ಷರ ಅಂದರೆ ಎರಡು ಮಿಲಿಮೀಟರ್ ಚಿಲ್ಲರೆ. ಬೂದು ಬಣ್ಣದಲ್ಲಿ, ಅಡ್ಡಡ್ಡ ತಿರುಗಿಸಿ, ಚಿತ್ರದ ಬಲ ಅಂಚಿಗೆ ಅಂಟಿಸಿದರೆ ಅದು ಗುರುತು ಹಾಕಿದ್ದೇವೆ ಅಂತ ನಮಗೆ ನಾವೇ ಹೇಳಿಕೊಳ್ಳುವುದಕ್ಕೆ ಮಾತ್ರ. ಸುದ್ದಿಯ ಅಕ್ಷರದಷ್ಟೇ ದೊಡ್ಡದಾಗಿ ಅಡಿಬರಹದ ಮೊದಲ ಮಾತಾಗಿ ಇಡಿ.

ಕಾಗದದ ಮೇಲೆ ಅಷ್ಟು ಮಾಡಿದರೆ ಆಯಿತು. ಫೋನಿನ ಪರದೆ ಮೇಲೆ ಅದು ಸಾಲುವುದಿಲ್ಲ. ನಿಮ್ಮ ಚಿತ್ರ 1200 ಪಿಕ್ಸೆಲ್ ಅಗಲ, 800 ಎತ್ತರ ಅಂದುಕೊಳ್ಳಿ. ಕೆಳಗೆ ಬಲ ಮೂಲೆಯಲ್ಲಿ 24 ಪಿಕ್ಸೆಲ್ ಎತ್ತರದ ಅಕ್ಷರದಲ್ಲಿ ‘ಜೋಡಿಸಿದ ಚಿತ್ರ’ ಅಂತ ಬರೆದಿದ್ದೀರಿ. ಸುದ್ದಿಯ ಕೊಂಡಿಯನ್ನು ಯಾರೋ ಹಂಚಿಕೊಳ್ಳುತ್ತಾರೆ. ಅಲ್ಲಿ ಮುನ್ನೋಟದ ಚಿತ್ರ ಸಾಮಾನ್ಯವಾಗಿ 1200ಕ್ಕೆ 630ರ ಅಳತೆಗೆ ಕತ್ತರಿಸಿಕೊಳ್ಳುತ್ತದೆ. ಮೇಲೆ 85, ಕೆಳಗೆ 85 ಪಿಕ್ಸೆಲ್ ಹೋಯಿತು, ಜೊತೆಗೆ ನಿಮ್ಮ ಗುರುತೂ ಹೋಯಿತು. ಇನ್ನೊಂದು ಕಡೆ ಚೌಕಾಕಾರಕ್ಕೆ ಕತ್ತರಿಸುತ್ತಾರೆ, ಅಲ್ಲಿ ಎಡಕ್ಕೆ 200, ಬಲಕ್ಕೆ 200 ಹೋಗುತ್ತದೆ. ಎರಡರಲ್ಲೂ ಉಳಿಯುವ ಜಾಗ ಅಂದರೆ ನಡುವಿನ 800ಕ್ಕೆ 630ರ ಭಾಗ. ಗುರುತು ಅದರ ಒಳಗೇ ಇರಬೇಕು. ಇನ್ನು ಪಟ್ಟಿಯಲ್ಲಿ ಬೆರಳ ಗಾತ್ರದ ಚಿತ್ರವಾಗಿ 120 ಪಿಕ್ಸೆಲ್ ಅಗಲಕ್ಕೆ ಕುಗ್ಗಿದರೆ ನಿಮ್ಮ 24 ಪಿಕ್ಸೆಲ್ ಅಕ್ಷರ ಎರಡೂವರೆ ಪಿಕ್ಸೆಲ್ ಕೂಡ ಉಳಿಯುವುದಿಲ್ಲ. ಅದು ಅಕ್ಷರ ಅಲ್ಲ, ಗೀರು. ಆ ಗಾತ್ರದಲ್ಲಿ ಯಾವ ಗುರುತೂ ಕೆಲಸ ಮಾಡುವುದಿಲ್ಲ. ಅದಕ್ಕೇ ಜೋಡಿಸಿದ್ದು ಅಂತ ರೂಪದಲ್ಲೇ ಕಾಣಬೇಕು ಅಂತ ಮೇಲೆ ಅಷ್ಟು ಒತ್ತಿ ಹೇಳಿದ್ದು. ಡಿಸೈನರುಗಳು ಬೈದುಕೊಳ್ಳುತ್ತಾರೆ ಅಂತ ಗೊತ್ತು. ನಾನೂ ಬೈದುಕೊಳ್ಳುತ್ತಿದ್ದೆ.

ಫೈಲಿನ ಒಳಗಿನ ಮಾಹಿತಿಯ ಬಗ್ಗೆಯೂ ಒಂದು ಮಾತು. ಸುದ್ದಿ ಫೋಟೋಗಳಿಗೆ ಬಳಸುವ ಐಪಿಟಿಸಿ ಮೆಟಾಡೇಟಾದಲ್ಲಿ Digital Source Type ಅಂತ ಒಂದು ಕಲಂ ಇದೆ. ಕ್ಯಾಮೆರಾದಲ್ಲಿ ತೆಗೆದ ತುಂಡುಗಳನ್ನು ಜೋಡಿಸಿದ್ದರೆ ಅಲ್ಲಿ `compositeCapture` ಅಂತ ತುಂಬಬೇಕು. ತುಂಬಿ. ಮುಂದೆ ಯಾರೋ ಸಂಗ್ರಹದಲ್ಲಿ ಹುಡುಕಿ ಫೋಟೋ ಅಂದುಕೊಂಡು ಎತ್ತಿಕೊಳ್ಳುವುದನ್ನು ಅದು ತಪ್ಪಿಸುತ್ತದೆ. ಆದರೆ ಓದುಗರ ರಕ್ಷಣೆಗೆ ಅದನ್ನೇ ನಂಬಬೇಡಿ. ಬಹಳಷ್ಟು ಕಡೆ ಅಪ್‌ಲೋಡ್ ಆಗುವಾಗಲೇ ಈ ಮಾಹಿತಿ ಉದುರಿಹೋಗುತ್ತದೆ.

ಅಕ್ಕಪಕ್ಕ ಇಡುವ ಚಿತ್ರಗಳಿಗೆ ಬರುತ್ತೇನೆ. ಇಬ್ಬರ ಮುಖಗಳನ್ನು ಪಕ್ಕಪಕ್ಕ ಹಾಕುವುದು ತಪ್ಪೇನಲ್ಲ, ದಿನಾ ಬೇಕಾಗುವ ಕೆಲಸ. ಅಸೋಸಿಯೇಟೆಡ್ ಪ್ರೆಸ್‌ನವರು ಇಂಥದ್ದರ ಅಡಿಬರಹವನ್ನು ‘ಈ ಫೋಟೋಗಳ ಜೋಡಿಯಲ್ಲಿ’ ಅನ್ನುವ ಅರ್ಥದ ಮಾತಿನಿಂದಲೇ ಶುರು ಮಾಡುತ್ತಾರೆ. ನಡುವೆ ಒಂದು ಬಿಳಿ ಗೆರೆ ಇದ್ದರೆ ಸಾಕು, ಎರಡು ಚಿತ್ರ ಅಂತ ಮಗುವಿಗೂ ಗೊತ್ತಾಗುತ್ತದೆ. ತೊಂದರೆ ಶುರುವಾಗುವುದು ಆ ಗೆರೆ ತೆಗೆದಾಗ. ಅಂಚನ್ನು ಮಸುಕು ಮಾಡಿ ಒಂದು ಇನ್ನೊಂದರೊಳಗೆ ಕರಗುವ ಹಾಗೆ ಮಾಡಿದಾಗ. 2020ರ ಜೂನ್‌ನಲ್ಲಿ ಸಿಯಾಟಲ್ ನಗರದ ಪ್ರತಿಭಟನೆಯ ಸುದ್ದಿಗೆ ಫಾಕ್ಸ್ ನ್ಯೂಸ್ ಜಾಲತಾಣ ಹೀಗೇ ಮಾಡಿತು. ಬಂದೂಕು ಹಿಡಿದು ನಿಂತಿದ್ದವನ ಫೋಟೋ ಒಂದು ದಿನದ್ದು. ಗಾಜು ಒಡೆದ ಅಂಗಡಿಯ ಫೋಟೋ ಅದಕ್ಕಿಂತ ಮುಂಚಿನ ಇನ್ನೊಂದು ದಿನದ್ದು. ಎರಡೂ ಸೇರಿ, ಬಂದೂಕಿನವನು ಒಡೆದ ಗಾಜಿನ ಮುಂದೆ ಕಾವಲು ನಿಂತ ಹಾಗಾಯಿತು. ಅದನ್ನು ಹಿಡಿದದ್ದು ಅದೇ ಊರಿನ ಸಿಯಾಟಲ್ ಟೈಮ್ಸ್. ಫಾಕ್ಸ್‌ನವರು ಚಿತ್ರ ತೆಗೆದರು. ಕೊಲಾಜಿನಲ್ಲಿ ಚಿತ್ರಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿರಲಿಲ್ಲ ಅನ್ನುವ ಅರ್ಥದ ಟಿಪ್ಪಣಿ ಹಾಕಿದರು. ಒಂದು ಬಿಳಿ ಗೆರೆ ಇದ್ದಿದ್ದರೆ ಆ ಟಿಪ್ಪಣಿ ಬೇಕಿರಲಿಲ್ಲ.

ಜೋಡಿಸಿದ್ದೆಲ್ಲ ಇಷ್ಟು ಅಪಾಯದ್ದಲ್ಲ ಅನ್ನುವುದನ್ನೂ ಹೇಳಬೇಕು. ಈಗಿನ ಫೋನುಗಳು ಒಂದು ಸಲ ಒತ್ತಿದರೆ ಹಲವು ಫ್ರೇಮ್ ತೆಗೆದು ಸೇರಿಸಿಯೇ ಒಂದು ಫೋಟೋ ಕೊಡುತ್ತವೆ. ಕ್ಷಣ ಒಂದೇ, ಜಾಗ ಒಂದೇ, ಯಾವ ತುಂಡು ಎಲ್ಲಿ ಇರಬೇಕು ಅಂತ ಮನುಷ್ಯ ಆರಿಸಿಲ್ಲ. ಅದಕ್ಕೆ ಗುರುತು ಬೇಡ. ಈಜುಗಾತಿ ಹಲಗೆಯಿಂದ ನೀರಿಗೆ ಜಿಗಿಯುವುದನ್ನು ಎಂಟು ಭಂಗಿಯಲ್ಲಿ ಒಂದೇ ಚಿತ್ರದಲ್ಲಿ ತೋರಿಸುತ್ತೀರಿ ಅಂದುಕೊಳ್ಳಿ. ಒಬ್ಬಳೇ ಎಂಟು ಕಡೆ ಇರುವುದಿಲ್ಲ ಅಂತ ಯಾರಿಗಾದರೂ ಗೊತ್ತು. ಆದರೂ ಅಡಿಬರಹದ ಮೊದಲ ಸಾಲಲ್ಲಿ ಹೇಳಿ.

ಗ್ರಹಣದ ಚಿತ್ರ ಮಾತ್ರ ಸ್ವಲ್ಪ ಮೋಸದ್ದು. ಕ್ಯಾಮೆರಾ ಅಲುಗಾಡದಂತೆ ನಿಲ್ಲಿಸಿ, ಹತ್ತು ನಿಮಿಷಕ್ಕೊಂದು ತೆಗೆದು, ಚಂದ್ರ ಸಾಗಿದ ದಾರಿಯನ್ನೇ ತೋರಿಸಿದರೆ ಅದು ಸರಿ. ಎಷ್ಟೆಷ್ಟು ಹೊತ್ತಿಗೆ ತೆಗೆದದ್ದು ಅಂತ ಬರೆದರೆ ಆಯಿತು. ಆದರೆ ಟೆಲಿ ಲೆನ್ಸಿನಲ್ಲಿ ತೆಗೆದ ದೊಡ್ಡ ಚಂದ್ರನನ್ನು ತಂದು, ಅಗಲ ಲೆನ್ಸಿನಲ್ಲಿ ತೆಗೆದ ಕಟ್ಟಡದ ಮೇಲೆ ಕೂರಿಸುವವರು ಜಾಸ್ತಿ. ಹಿಡಿಯುವುದಕ್ಕೆ ಸುಲಭ ಲೆಕ್ಕ ಇದೆ. ಆಕಾಶದಲ್ಲಿ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ. 24 ಮಿಲಿಮೀಟರ್ ಲೆನ್ಸಿನಲ್ಲಿ ತೆಗೆದು ಚಿತ್ರವನ್ನು 1200 ಪಿಕ್ಸೆಲ್ ಅಗಲ ಇಟ್ಟರೆ ಚಂದ್ರ ಏಳು ಪಿಕ್ಸೆಲ್ ಅಷ್ಟೇ ಇರುತ್ತಾನೆ, ಒಂದು ಚುಕ್ಕೆ. ಇಡೀ ಕಟ್ಟಡ, ರಸ್ತೆ, ಜನ ಎಲ್ಲ ಹತ್ತಿರದಿಂದಲೇ ಅಗಲವಾಗಿ ಕಾಣುತ್ತಿದ್ದು, ಮೇಲೆ ತಟ್ಟೆಯಷ್ಟು ಚಂದ್ರ ಇದ್ದರೆ ಕಳಿಸಿದವರಿಗೆ ಫೋನ್ ಮಾಡಿ, ಮೂಲ ಫೈಲು ಕೇಳಿ.

ಹೊರಗಿನಿಂದ ಬರುವ ಬೇರೆ ಚಿತ್ರಗಳಲ್ಲೂ ನೋಡಬೇಕಾದದ್ದು ಹೆಚ್ಚೇನಿಲ್ಲ. ಇಬ್ಬರ ಮುಖದ ಮೇಲೆ ಬೆಳಕು ಒಂದೇ ಕಡೆಯಿಂದ ಬಿದ್ದಿದೆಯಾ? ಕಾಲ ಕೆಳಗಿನ ನೆರಳುಗಳು ಒಂದೇ ದಿಕ್ಕಿಗೆ ಹೋಗುತ್ತವಾ? ಒಬ್ಬರ ಮುಖ ನುಣ್ಣಗೆ, ಇನ್ನೊಬ್ಬರದು ಕಾಳುಕಾಳಾಗಿ ಇದ್ದರೆ ಒಂದು ಹಗಲಿನದು, ಇನ್ನೊಂದು ಕತ್ತಲಲ್ಲಿ ತೆಗೆದದ್ದು ಇರಬಹುದು. ಕೂದಲಿನ ಅಂಚು ನೋಡಿ, ಕತ್ತರಿಸಿದವರು ಸೋಲುವುದು ಅಲ್ಲಿಯೇ. ಹಿಂದಿನ ಗುಂಪಿನಲ್ಲಿ ಒಂದೇ ಮುಖ ಎರಡು ಸಲ ಇದೆಯಾ ನೋಡಿ. ಜೇಬೂ ನೋಡಿ.

ಕಡೆಗೆ, ನಿಯಮದಲ್ಲಿ ಒಬ್ಬರ ಹೆಸರು ಇರಲಿ. ಜೋಡಿಸಿದ ಯಾವ ಚಿತ್ರವೂ ಪುಟ ಮಾಡಿದವರ ಒಪ್ಪಿಗೆಯಿಂದಷ್ಟೇ ಹೋಗಬಾರದು. ಫೋಟೋ ಸಂಪಾದಕರು ಇಲ್ಲದಿದ್ದರೆ ಆ ರಾತ್ರಿಯ ಮುಖ್ಯ ಉಪಸಂಪಾದಕರು ಮೂಲ ಫೋಟೋಗಳನ್ನೂ ಜೋಡಿಸಿದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿ ಸಹಿ ಹಾಕಲಿ. ಪದರ ಪದರವಾಗಿ ಇರುವ ಫೈಲನ್ನು ಅಳಿಸದೆ ಇಟ್ಟುಕೊಳ್ಳಿ. ತಪ್ಪಾದಾಗ ಅದೇ ಬೇಕಾಗುತ್ತದೆ. ತಿದ್ದುಪಡಿಯಲ್ಲಿ ‘ತಾಂತ್ರಿಕ ಕಾರಣದಿಂದ’ ಅಂತ ಬರೆಯಬೇಡಿ. ಯಾವ ಎರಡು ಫೋಟೋ, ಯಾವತ್ತಿನವು, ಏನನ್ನು ಬದಲಾಯಿಸಿದ್ದೆವು ಅಂತ ಬರೆದು, ಮೂಲ ಫೋಟೋಗಳನ್ನು ಅದರ ಪಕ್ಕದಲ್ಲೇ ಹಾಕಿ. ಚಿತ್ರ ಎಷ್ಟು ದೊಡ್ಡದಾಗಿ ಬಂದಿತ್ತೋ ಹೆಚ್ಚು ಕಡಿಮೆ ಅಷ್ಟೇ ಜಾಗ ಕೊಡಿ.

ನಾನು ಮಾಡಿದ ಆ ಚಿತ್ರಕ್ಕೆ ಅಂಥ ತಿದ್ದುಪಡಿ ಬರಲೇ ಇಲ್ಲ. ಬಂದಿದ್ದರೆ ಹೀಗಿರಬೇಕಿತ್ತು: ‘ನಿನ್ನೆ ಮೂರನೇ ಪುಟದಲ್ಲಿ ಇಬ್ಬರು ನಾಯಕರು ಎದುರುಬದುರು ನಿಂತಂತೆ ಕಾಣುವ ಚಿತ್ರ ಪ್ರಕಟವಾಗಿತ್ತು. ಅವರು ಭೇಟಿಯಾಗಿಲ್ಲ. ಎರಡು ದಿನಗಳ ಅಂತರದಲ್ಲಿ ಬೇರೆ ಬೇರೆ ಕಡೆ ತೆಗೆದ ಫೋಟೋಗಳನ್ನು ನಾವು ಸೇರಿಸಿದ್ದೆವು. ಒಂದನ್ನು ಎಡಬಲ ತಿರುಗಿಸಿದ್ದೆವು. ಹಿನ್ನೆಲೆಯ ಸಭಾಂಗಣ ಎರಡಕ್ಕೂ ಸೇರಿದ್ದಲ್ಲ. ಮೂಲ ಫೋಟೋಗಳು ಇಲ್ಲಿವೆ.’

ಇಂತಿ,
ಹಿಂದೊಮ್ಮೆ ಜೇಬು ತಿರುಗಿಸಿದ ಒಬ್ಬ ಪುಟ ವಿನ್ಯಾಸಕ